ನಿಮಗಿದು ಗೊತ್ತೇ? ಬಿರುಕು ಬಿಟ್ಟ ಮೇಲೆಯೇ ಬೀಮಿನ ಅಸಲಿ ಲೆಕ್ಕ

ಈ ಸಲದ ಪ್ರಶ್ನೆಗಳೆಲ್ಲ ಒಂದೇ ಬೀಮಿನ ಸುತ್ತ ಸುತ್ತುತ್ತವೆ. ಅಗಲ 230 ಮಿಮೀ, ಅಂದರೆ ನಮ್ಮ ಮನೆಗಳ ಒಂಬತ್ತಿಂಚಿನ ಗೋಡೆಯಷ್ಟು. ಎತ್ತರ 450 ಮಿಮೀ. ಎರಡು ಆಸರೆಗಳ ನಡುವಿನ ಅಂತರ ನಾಲ್ಕೂವರೆ ಮೀಟರ್. ಕಾಂಕ್ರೀಟ್ ಎಂ25, ಕಂಬಿ ಎಫ್‌ಇ500. ಅಡಿಯಲ್ಲಿ 16 ಮಿಮೀ ದಪ್ಪದ ಮೂರು ಕಂಬಿ, ಅವುಗಳನ್ನು ಸುತ್ತಿಕೊಂಡ 8 ಮಿಮೀ ರಿಂಗು, ರಿಂಗಿನ ಹೊರಗೆ 25 ಮಿಮೀ ಕವರ್. ಇಷ್ಟನ್ನೂ ಕಳೆದರೆ ಬೀಮಿನ ಮೇಲ್ತುದಿಯಿಂದ ಕಂಬಿಯ ನಡುಮಧ್ಯಕ್ಕೆ 409 ಮಿಮೀ ಉಳಿಯುತ್ತದೆ. ಲೆಕ್ಕದಲ್ಲಿ d ಎಂದು ಬರೆಯುವುದು ಇದನ್ನೇ. ಸ್ವಂತ ತೂಕ, ಸ್ಲ್ಯಾಬು, ಗೋಡೆ, ಮೇಲೆ ಓಡಾಡುವ ಜನ ಎಲ್ಲ ಸೇರಿ ದಿನಬಳಕೆಯಲ್ಲಿ ಬೀಮಿನ ನಡುವೆ ಹುಟ್ಟುವ ಬೆಂಡಿಂಗ್ ಮೊಮೆಂಟ್ 45 ಕಿಲೋನ್ಯೂಟನ್-ಮೀಟರ್ ಎಂದಿಟ್ಟುಕೊಳ್ಳೋಣ. ಇದು ಸರ್ವಿಸ್ ಲೋಡು. ಸುರಕ್ಷತೆಗೆಂದು ಒಂದೂವರೆ ಪಟ್ಟು ಹಿಗ್ಗಿಸಿದ ಲೋಡಲ್ಲ, ಬೀಮು ನಿಜವಾಗಿಯೂ ಹೊರುವ ಲೋಡು.

ಬಿರುಕು ಬಿಡದ ಬೀಮಿನಲ್ಲಿ ಕಂಬಿ ಹೆಚ್ಚುಕಡಿಮೆ ಕೆಲಸವಿಲ್ಲದೆ ಕೂತಿರುತ್ತದೆ, ಗೊತ್ತೇ?

ಕಂಬಿಯೂ ಅದನ್ನು ಅಪ್ಪಿಕೊಂಡ ಕಾಂಕ್ರೀಟೂ ಒಟ್ಟಿಗೇ ಹಿಗ್ಗಬೇಕು, ಯಾಕೆಂದರೆ ಒಂದರಿಂದ ಇನ್ನೊಂದು ಜಾರುವಂತಿಲ್ಲ. ಎಂ25 ಕಾಂಕ್ರೀಟು ಎಳೆತದಲ್ಲಿ ಸುಮಾರು 3.5 ಎಂಪಿಎ ಸ್ಟ್ರೆಸ್ಸಿಗೆ ಬಿರಿಯುತ್ತದೆ. ಎಂಪಿಎ ಎಂದರೆ ಒಂದು ಚದರ ಮಿಲಿಮೀಟರಿಗೆ ಒಂದು ನ್ಯೂಟನ್. ಐಎಸ್ 456 ಕೊಡುವ 0.7√fck ಸೂತ್ರದಿಂದ ಈ 3.5 ಬರುತ್ತದೆ. ಕಾಂಕ್ರೀಟಿನ ಮಾಡ್ಯುಲಸ್ 5000√fck, ಅಂದರೆ 25,000 ಎಂಪಿಎ. ಉಕ್ಕಿನದು 2,00,000. ಒಂದೇ ಹಿಗ್ಗಿಗೆ ಉಕ್ಕಿನಲ್ಲಿ ಎಂಟು ಪಟ್ಟು ಸ್ಟ್ರೆಸ್ ಹುಟ್ಟುತ್ತದೆ ಎಂದಾಯಿತು. ಪಕ್ಕದ ಕಾಂಕ್ರೀಟು ಬಿರಿಯುವ ಕ್ಷಣದಲ್ಲೂ ಕಂಬಿಯಲ್ಲಿರುವುದು ಬರೀ 28 ಎಂಪಿಎ. 500 ತಾಳಬಲ್ಲ ಕಂಬಿಗೆ ಇದು ಲೆಕ್ಕಕ್ಕೇ ಇಲ್ಲ. ಎಂಟು ಎಂಬ ಈ ಅನುಪಾತವೇ ಮಾಡ್ಯುಲರ್ ರೇಶಿಯೊ. ಪುಸ್ತಕಗಳಲ್ಲಿ ಇದನ್ನು m ಎಂದು ಬರೆಯುತ್ತಾರೆ.

ಹಾಗಾದರೆ ಬಿರುಕು ಬಿಡುವುದು ಯಾವಾಗ?

ಕಂಬಿಯನ್ನು ಮರೆತು ಬರೀ 230 × 450ರ ಆಯತವನ್ನು ಹಿಡಿದರೆ ಅದರ ಮೊಮೆಂಟ್ ಆಫ್ ಇನರ್ಷಿಯಾ ಸುಮಾರು 1,747 ಮಿಲಿಯನ್ ಮಿಮೀ⁴. ಅಡಿಯ ಅಂಚಿನಲ್ಲಿ 3.5 ಎಂಪಿಎ ಬರಲು 27 ಕಿಲೋನ್ಯೂಟನ್-ಮೀಟರ್ ಸಾಕು. ಬೀಮಿನ ಸ್ವಂತ ತೂಕದಿಂದ ಹುಟ್ಟುವ ಮೊಮೆಂಟು ಆರೂವರೆಯಷ್ಟೆ. ಆದ್ದರಿಂದ ಸೆಂಟ್ರಿಂಗ್ ಬಿಚ್ಚಿದ ದಿನ ಬೀಮು ಸಾಮಾನ್ಯವಾಗಿ ನುಣ್ಣಗೇ ಇರುತ್ತದೆ. ಮೇಲೆ ಗೋಡೆ ಎದ್ದು, ಫ್ಲೋರಿಂಗ್ ಮುಗಿದು, ಜನ ಬಂದು ಸೇರುವ ಹೊತ್ತಿಗೆ ಎಲ್ಲೋ 27 ದಾಟುತ್ತದೆ.

ಆ ಗಡಿಯಲ್ಲಿ ಆಗುವುದು ಸಣ್ಣ ಸಂಗತಿಯಲ್ಲ. ಬಿರುಕಿಗೆ ಮುಂಚೆ ಕಂಬಿಯಲ್ಲಿ ಸುಮಾರು 20 ಎಂಪಿಎ ಇರುತ್ತದೆ. ಬಿರುಕು ಮೂಡಿದ್ದೇ ತಡ, ಅದೇ 27ರ ಮೊಮೆಂಟಿಗೆ, ಆ ಬಿರುಕಿನ ಜಾಗದಲ್ಲಿ ಅದು 120ಕ್ಕೆ ಜಿಗಿಯುತ್ತದೆ. ಲೋಡು ಒಂದು ಕಿಲೋ ಕೂಡ ಹೆಚ್ಚಿಲ್ಲ. ಕಾಂಕ್ರೀಟು ಕೈಬಿಟ್ಟ ಎಳೆತವನ್ನೆಲ್ಲ ಕಂಬಿ ಹೊತ್ತುಕೊಂಡಿತು, ಅಷ್ಟೆ. ಕಂಬಿ ತೀರಾ ಕಡಿಮೆಯಿದ್ದರೆ ಈ ಜಿಗಿತಕ್ಕೇ ಅದು ಸೋತು, ಮುನ್ಸೂಚನೆ ಕೊಡದೆ ಬೀಮು ಕುಸಿಯಬಹುದು. ಕನಿಷ್ಠ ಕಂಬಿ ಇಷ್ಟಿರಲೇಬೇಕೆಂಬ ನಿಯಮದ ಹಿಂದಿರುವುದು ಈ ಭಯವೇ.

ಕಂಬಿಯನ್ನು ಕಾಂಕ್ರೀಟನ್ನಾಗಿ ಬದಲಿಸಬಹುದು!

ಕಾಗದದ ಮೇಲೆ. 16 ಮಿಮೀ ದಪ್ಪದ ಮೂರು ಕಂಬಿಯ ಒಟ್ಟು ಅಡ್ಡಕೊಯ್ತ 603 ಚದರ ಮಿಮೀ. m ಎಂಟಾದರೆ ಅವು 4,824 ಚದರ ಮಿಮೀ ಕಾಂಕ್ರೀಟಿಗೆ ಸಮ. ಬೀಮಿನ ಅಗಲಕ್ಕೆ ಹರಡಿದರೆ 21 ಮಿಮೀ ದಪ್ಪದ ಪಟ್ಟಿ. ಕಂಬಿಯ ಮಟ್ಟದಲ್ಲಿ, ಎಷ್ಟು ಎಳೆದರೂ ಬಿರಿಯದ ಕಾಂಕ್ರೀಟಿನ ಪಟ್ಟಿಯೊಂದು ತೂಗಾಡುತ್ತಿದೆ, ಮೇಲೆ ಒತ್ತಿಗೆ ಸಿಕ್ಕ ಒಂದಿಷ್ಟು ಕಾಂಕ್ರೀಟಿದೆ, ನಡುವೆ ಏನೂ ಇಲ್ಲ. ಬಿರುಕು ಬಿಟ್ಟ ಬೀಮಿನ ಟ್ರಾನ್ಸ್‌ಫಾರ್ಮ್ಡ್ ಸೆಕ್ಷನ್ ಎಂದರೆ ಈ ಚಿತ್ರ. ಎರಡು ವಸ್ತುಗಳ ಬೀಮು ಹೀಗೆ ಒಂದೇ ವಸ್ತುವಿನದಾಗುತ್ತದೆ. ಆಮೇಲೆ ಮರದ ತೊಲೆಗೋ ಉಕ್ಕಿನ ತೊಲೆಗೋ ಬಳಸುವ ಹಳೇ ಸೂತ್ರವೇ ಇಲ್ಲೂ ನಡೆಯುತ್ತದೆ. ಕೊನೆಯಲ್ಲಿ ಕಂಬಿಯ ಮಟ್ಟಕ್ಕೆ ಬಂದ ಸ್ಟ್ರೆಸ್ಸನ್ನು ಮತ್ತೆ m ನಿಂದ ಗುಣಿಸಿದರೆ ಕಂಬಿಯ ನಿಜವಾದ ಸ್ಟ್ರೆಸ್ ಸಿಗುತ್ತದೆ. ಈ ಗುಣಾಕಾರ ಮರೆತು 18 ಎಂಪಿಎ ಎಂದು ಬರೆದಿಟ್ಟ ಉತ್ತರಪತ್ರಿಕೆಗಳು ಪ್ರತಿ ವರ್ಷವೂ ಸಿಗುತ್ತವೆ. ಲೋಡು ಹೊತ್ತ ಬೀಮಿನ ಕಂಬಿಯಲ್ಲಿ ಎರಡಂಕಿಯ ಸ್ಟ್ರೆಸ್ ಕಂಡರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಕಾಂಕ್ರೀಟಿನ ಎಳೆತವನ್ನು ಲೆಕ್ಕದಿಂದ ಹೊರಗಿಡುವ ಧೈರ್ಯ ಮೊದಲೇ ಬಂದದ್ದಲ್ಲ

1886ರಲ್ಲಿ ಬರ್ಲಿನ್ನಿನ ಮಥಿಯಾಸ್ ಕೋನೆನ್ ಇಂಥ ಬೀಮುಗಳಿಗೆ ಮೊದಲ ಲೆಕ್ಕದ ವಿಧಾನ ಪ್ರಕಟಿಸಿದಾಗ, ಎಳೆತಕ್ಕೂ ಒತ್ತಿಗೂ ನಡುವಿನ ಗಡಿಯನ್ನು ಬೀಮಿನ ಸರಿಯಾಗಿ ಅರ್ಧ ಎತ್ತರದಲ್ಲೇ ಇಟ್ಟುಕೊಂಡಿದ್ದರು. 1894ರಲ್ಲಿ ಫ್ರಾನ್ಸಿನ ಎಡ್ಮಂಡ್ ಕ್ವಾಂಯೆ ಮತ್ತು ನೆಪೋಲಿಯನ್ ದ ತೆದೆಸ್ಕೊ ಜೋಡಿ, ಎಳೆತದ ಕಾಂಕ್ರೀಟನ್ನು ಪೂರ್ತಿ ಕೈಬಿಟ್ಟು, ಎರಡು ವಸ್ತುಗಳ ಮಾಡ್ಯುಲಸ್ ಅನುಪಾತ ಹಿಡಿದು ಆ ಗಡಿಯ ಜಾಗವನ್ನು ಕಂಡುಹಿಡಿಯುವ ದಾರಿ ತೋರಿಸಿತು. 1904ರ ಪ್ರಷ್ಯಾದ ನಿಯಮಾವಳಿ ಆ ಅನುಪಾತವನ್ನು 15 ಎಂದು ಗೊತ್ತುಮಾಡಿತು. ಹಳೆಯ ಪಠ್ಯಪುಸ್ತಕಗಳಲ್ಲಿ ಇಂದಿಗೂ ಕಣ್ಣಿಗೆ ಬೀಳುವ 15 ಆ ಕಾಲದ ರೂಢಿ.

ಐಎಸ್ 456ರ m ಎಂಟಲ್ಲ, ಹನ್ನೊಂದು. ಯಾಕೆ?

ವರ್ಕಿಂಗ್ ಸ್ಟ್ರೆಸ್ ವಿಧಾನಕ್ಕೆ ಮೀಸಲಾದ ಅನುಬಂಧ ಬಿ ಕೊಡುವ ಸೂತ್ರ ಬೇರೆಯೇ:

m = 280 / (3σcbc)

σcbc ಎಂದರೆ ಬಾಗುವಿಕೆಯಲ್ಲಿ ಕಾಂಕ್ರೀಟಿಗೆ ಅನುಮತಿಸಿದ ಒತ್ತಿನ ಸ್ಟ್ರೆಸ್. ಎಂ25ಕ್ಕೆ ಅದು 8.5. ಹಾಗಾಗಿ m ಸುಮಾರು 11. ಎಂ20ಕ್ಕೆ ಹದಿಮೂರು ಚಿಲ್ಲರೆ. ಎರಡು ಮಾಡ್ಯುಲಸ್ಸುಗಳ ನೇರ ಭಾಗಾಕಾರಕ್ಕೂ ಇದಕ್ಕೂ ಇಷ್ಟು ಅಂತರವೇಕೆ ಎಂಬುದನ್ನು ಕೋಡು ಒಂದು ಟಿಪ್ಪಣಿಯಲ್ಲೇ ಹೇಳಿಬಿಟ್ಟಿದೆ. ಲೋಡು ವರ್ಷಗಟ್ಟಲೆ ಕೂತಾಗ ಕಾಂಕ್ರೀಟು ನಿಧಾನಕ್ಕೆ ಕುಗ್ಗುತ್ತಲೇ ಹೋಗುತ್ತದೆ. ಕ್ರೀಪ್ ಎಂದು ಕರೆಯುವ ಈ ಗುಣವನ್ನು ಸೂತ್ರ ಒಂದಷ್ಟು ಮಟ್ಟಿಗೆ ಒಳಗೆ ಸೇರಿಸಿಕೊಂಡಿದೆ. ಕುಗ್ಗುವ ಕಾಂಕ್ರೀಟಿನ ಮಾಡ್ಯುಲಸ್ ಇಳಿದಂತೆ, ಹಾಗಾಗಿ m ಏರಿದಂತೆ.

ಸೂತ್ರವನ್ನು ಬಾಯಿಪಾಠ ಮಾಡಿದವರು ಬಹಳ, ಆ ಟಿಪ್ಪಣಿ ಓದಿದವರು ಕಡಿಮೆ. ನನ್ನ ಮಟ್ಟಿಗೆ ಇಡೀ ಅನುಬಂಧದಲ್ಲಿ ಓದಲೇಬೇಕಾದ ಸಾಲು ಅದೇ. m ಎನ್ನುವುದು ಉಕ್ಕಿನ ತೂಕದ ಹಾಗೆ ವಸ್ತುವಿಗೆ ಅಂಟಿಕೊಂಡ ಸಂಖ್ಯೆಯಲ್ಲ. ಎಷ್ಟು ಕಾಲದ ಲೋಡಿನ ಬಗ್ಗೆ ಕೇಳುತ್ತಿದ್ದೀರಿ ಎನ್ನುವುದರ ಮೇಲೆ ಅದರ ಉತ್ತರ ನಿಂತಿದೆ.

ನಮ್ಮ ಬೀಮನ್ನು ಬಿಡಿಸೋಣ

ಗಡಿರೇಖೆಗೆ ನ್ಯೂಟ್ರಲ್ ಆಕ್ಸಿಸ್ ಎಂದು ಹೆಸರು. ಅದು ಮೇಲ್ತುದಿಯಿಂದ x ದೂರದಲ್ಲಿದೆ ಎನ್ನಿ. ಅದರ ಮೇಲಿನ ಕಾಂಕ್ರೀಟು ಹಾಗೂ ಕೆಳಗಿನ ಬದಲಿ ಪಟ್ಟಿ, ಎರಡರ ಕ್ಷೇತ್ರವನ್ನೂ ಅವವುಗಳ ದೂರದಿಂದ ಗುಣಿಸಿದರೆ ತಕ್ಕಡಿ ಸಮವಾಗಬೇಕು:

b·x²/2 = m·As·(d − x)

115·x² = 6633·(409 − x)

m ಹನ್ನೊಂದು ಹಿಡಿದದ್ದರಿಂದ 603 × 11 = 6633. ಹೈಸ್ಕೂಲಿನ ವರ್ಗಸಮೀಕರಣವಷ್ಟೆ, x 127 ಮಿಮೀ ಬರುತ್ತದೆ. 450 ಎತ್ತರದ ಬೀಮಿನಲ್ಲಿ ಒತ್ತು ಹೊರುತ್ತಿರುವುದು ಮೇಲಿನ 127 ಮಿಮೀ ಮಾತ್ರ. ಉಳಿದ 323ರ ಕೆಲಸ ಕಂಬಿಯನ್ನು ಅಷ್ಟು ಕೆಳಗೆ ಹಿಡಿದಿಡುವುದು, ಶಿಯರ್ ದಾಟಿಸುವುದು, ತುಕ್ಕಿನಿಂದ ಕಾಯುವುದು.

ಮುಂದಿನ ದಾರಿ ಎರಡು. ಇನರ್ಷಿಯಾ ಕಂಡುಹಿಡಿದು ಸೂತ್ರ ಹಚ್ಚಬಹುದು. ನನಗೆ ಇಷ್ಟವಾಗುವುದು ಎರಡನೆಯದು. ಒತ್ತಿನ ಸ್ಟ್ರೆಸ್ ತ್ರಿಕೋನಾಕಾರದಲ್ಲಿ ಹಂಚಿಕೊಂಡಿರುವುದರಿಂದ ಅದರ ಒಟ್ಟು ಬಲ ಮೇಲಿನಿಂದ x/3 ಆಳದಲ್ಲಿ ಕೂಡುತ್ತದೆ. ಅಲ್ಲಿಂದ ಕಂಬಿಗೆ ಇರುವ ದೂರ 409ರಲ್ಲಿ 42.5 ಕಳೆದು 366.5 ಮಿಮೀ. 45 ಕಿಲೋನ್ಯೂಟನ್-ಮೀಟರನ್ನು ಇದರಿಂದ ಭಾಗಿಸಿದರೆ ಕಂಬಿಯ ಎಳೆತ ಸುಮಾರು 123 ಕಿಲೋನ್ಯೂಟನ್, ಅಂದರೆ ಹನ್ನೆರಡೂವರೆ ಟನ್ ತೂಕವನ್ನು ನೇತುಹಾಕಿದಷ್ಟು. 603ರಿಂದ ಭಾಗಿಸಿ: 204 ಎಂಪಿಎ. ಮೇಲೆಯೂ ಅಷ್ಟೇ ಬಲದ ಒತ್ತು ಇರಬೇಕಾದ್ದರಿಂದ ಕಾಂಕ್ರೀಟಿನ ತುದಿಯ ಸ್ಟ್ರೆಸ್ 8.4 ಎಂಪಿಎ.

ಎಫ್‌ಇ500 ಕಂಬಿಗೆ ಅನುಮತಿ 275ರವರೆಗೆ. ಕಾಂಕ್ರೀಟಿಗೆ 8.5. ಕಂಬಿಗೆ ಇನ್ನೂ ಸಾಕಷ್ಟು ಉಸಿರಿದೆ, ಕಾಂಕ್ರೀಟಿಗೆ ಮಾತ್ರ ಕುತ್ತಿಗೆವರೆಗೆ ಬಂದಿದೆ.

ಲೆಕ್ಕ ತಪ್ಪಿದೆಯೇ ಎಂದು ನೋಡಲು ಒಂದು ನಿಮಿಷ ಸಾಕು. ಮೇಲಿನ ತ್ರಿಕೋನದ ಬಲವನ್ನು ಬೇರೆಯಾಗಿ ಕಟ್ಟಿ: ½ × 8.38 × 230 × 127.4. ಬಂದ ಉತ್ತರ ಕಂಬಿಯ 123 ಕಿಲೋನ್ಯೂಟನ್ನಿಗೆ ಹೊಂದದಿದ್ದರೆ ಎಲ್ಲೋ d ಬದಲು 450 ಸೇರಿಕೊಂಡಿದೆ, ಇಲ್ಲವೇ m ಒಂದು ಕಡೆ ಬಿಟ್ಟುಹೋಗಿದೆ.

ಲೋಡು ಏರಿದರೂ ಗಡಿರೇಖೆ ಅಲ್ಲಾಡುವುದಿಲ್ಲ

ಮೇಲಿನ ಸಮೀಕರಣವನ್ನು ಮತ್ತೊಮ್ಮೆ ನೋಡಿ. ಅದರಲ್ಲಿ ಮೊಮೆಂಟು ಎಲ್ಲೂ ಇಲ್ಲ. ಬಿರುಕು ಬಿಟ್ಟ ಬೀಮಿನ ಮೇಲೆ 35 ಇದ್ದರೂ 45 ಇದ್ದರೂ x ಅದೇ 127. ಸ್ಟ್ರೆಸ್ಸುಗಳು ಮಾತ್ರ ಲೋಡಿನ ಜೊತೆ ಸಮಪ್ರಮಾಣದಲ್ಲಿ ಏರುತ್ತವೆ. ಬಾಗುವಿಕೆಯ ಜೊತೆಗೆ ಉದ್ದುದ್ದ ಒತ್ತುವ ಬಲವೂ ಸೇರಿದರೆ, ಉದಾಹರಣೆಗೆ ಪಿಲ್ಲರಿನಲ್ಲಿ, ಈ ಮಾತು ಸುಳ್ಳಾಗುತ್ತದೆ.

m ತಪ್ಪಾದರೆ ಏನು ಮುಳುಗುತ್ತದೆ?

ಕಂಬಿಯ ಲೆಕ್ಕದಲ್ಲಿ ಏನೂ ಇಲ್ಲ. ಅದೇ ಬೀಮಿಗೆ m ಎಂಟು ಹಿಡಿದು ಬಿಡಿಸಿದರೆ x 112 ಮಿಮೀಗೆ ಇಳಿಯುತ್ತದೆ, ಅಂದರೆ ಗಡಿರೇಖೆ ಮೇಲಕ್ಕೆ ಸರಿಯುತ್ತದೆ. ಕಂಬಿಯ ಸ್ಟ್ರೆಸ್ 204ರಿಂದ 201ಕ್ಕೆ ಬಂತು. ಶೇ 2ಕ್ಕೂ ಕಡಿಮೆ ವ್ಯತ್ಯಾಸ. ಎರಡು ಬಲಗಳ ನಡುವಿನ ದೂರದಲ್ಲಿ x ನ ಮೂರನೇ ಒಂದು ಭಾಗವಷ್ಟೇ ಸೇರಿರುವುದರಿಂದ ಅದು ಐದಾರು ಮಿಮೀ ಮಾತ್ರ ಬದಲಾಗುವುದು. ಕಾಂಕ್ರೀಟಿನ ಕಥೆ ಬೇರೆ. 8.4 ಇದ್ದದ್ದು 9.4 ಆಗಿ, ಅನುಮತಿಯ ಗೆರೆ ದಾಟಿತು. ಅದಕ್ಕೇ ಅನುಬಂಧ ಬಿ ಯ ಅನುಮತಿ ಸ್ಟ್ರೆಸ್ಸುಗಳನ್ನು ಅನುಬಂಧ ಬಿ ಯ m ಜೊತೆಗೇ ಬಳಸಬೇಕು. ಒಂದನ್ನು ಅಲ್ಲಿಂದ, ಇನ್ನೊಂದನ್ನು ಇಲ್ಲಿಂದ ಎತ್ತಿ ಬೆರೆಸಿದರೆ ಚೆನ್ನಾಗಿರುವ ಬೀಮೂ ಫೇಲು ಎಂದು ತೋರುತ್ತದೆ.

ಬೀಮು ಹಳೆಯದಾದಂತೆ ಕಾಂಕ್ರೀಟಿನ ಸ್ಟ್ರೆಸ್ ಇಳಿಯುತ್ತದೆ, ಬೀಮು ಮಾತ್ರ ಇನ್ನಷ್ಟು ಜೋತುಬೀಳುತ್ತದೆ

ಒಂದಕ್ಕೊಂದು ವಿರುದ್ಧ ಎನ್ನಿಸುವ ಈ ಎರಡೂ ಒಟ್ಟಿಗೆ ನಿಜ. ಕಾಂಕ್ರೀಟಿಗೆ 28 ದಿನ ತುಂಬಿದಾಗ ಲೋಡು ಕೂತರೆ ಐಎಸ್ 456 ಕೊಡುವ ಕ್ರೀಪ್ ಗುಣಾಂಕ 1.6. ಅಂದರೆ ಮೊದಲ ದಿನ ಒಂದು ಪಾಲು ಕುಗ್ಗಿದ್ದು ಕಾಲಾಂತರದಲ್ಲಿ ಮತ್ತೂ 1.6 ಪಾಲು ಕುಗ್ಗುತ್ತದೆ. ಲೆಕ್ಕದ ಅನುಕೂಲಕ್ಕೆ ಇಡೀ ಲೋಡು ಸದಾ ಕೂತೇ ಇರುತ್ತದೆ ಎಂದುಕೊಂಡರೆ, ಮಾಡ್ಯುಲಸ್ 25,000ವನ್ನು 2.6ರಿಂದ ಭಾಗಿಸಬೇಕು. ಸುಮಾರು 9,600 ಆಯಿತು. m ಸರಿಸುಮಾರು 21.

ಈಗ x 164 ಮಿಮೀ. ಮೊದಲ ದಿನ 112 ಇದ್ದದ್ದು ವರ್ಷಗಳ ಮೇಲೆ ಎರಡಿಂಚಿನಷ್ಟು ಕೆಳಗೆ ಜಾರಿದೆ. ಒತ್ತು ಹೊರುವ ಕಾಂಕ್ರೀಟು ಹೆಚ್ಚಾದ್ದರಿಂದ ತುದಿಯ ಸ್ಟ್ರೆಸ್ 9.4ರಿಂದ 6.7ಕ್ಕೆ ಇಳಿಯಿತು. ಕಂಬಿಯದು 201ರಿಂದ 210ಕ್ಕೆ ಏರಿತು. ಆದರೆ ಮೇಲ್ತುದಿಯ ಕುಗ್ಗು ಮಾತ್ರ ಹೆಚ್ಚುಕಡಿಮೆ ಎರಡು ಪಟ್ಟಾಗಿದೆ, ಬೀಮಿನ ಬಾಗು ಶೇ 27ರಷ್ಟು ಹೆಚ್ಚಿದೆ. ಕಾಂಕ್ರೀಟು 2.6 ಪಟ್ಟು ಮೆದುವಾದರೂ ಬಾಗು ಅಷ್ಟು ಪಟ್ಟು ಹೆಚ್ಚದಿರಲು ಕಂಬಿಯೇ ಕಾರಣ. ಕಂಬಿಗೆ ಕ್ರೀಪ್ ಇಲ್ಲ.

ಮೇಲ್ಭಾಗದಲ್ಲೂ ಕಂಬಿಯಿದ್ದರೆ ಕಾಂಕ್ರೀಟು ತನ್ನ ಪಾಲಿನ ಒತ್ತನ್ನು ನಿಧಾನವಾಗಿ ಅದಕ್ಕೆ ದಾಟಿಸುತ್ತ ಹೋಗುತ್ತದೆ. ಹಾಗೆಂದೇ ಒತ್ತಿನ ಕಂಬಿಗೆ m ಬದಲು 1.5m ಹಿಡಿಯುವ ಪದ್ಧತಿ. ಆ ಕಂಬಿ ಕೂತ ಜಾಗದಲ್ಲಿ ಕಾಂಕ್ರೀಟಿಲ್ಲವಲ್ಲ, ಅದಕ್ಕೆ ಒಂದು ಕಳೆಯುತ್ತಾರೆ: 1.5m − 1. ಅಡಿಯ ಕಂಬಿಗೆ ಒಂದು ಕಳೆಯುವಂತಿಲ್ಲ. ಅಲ್ಲಿನ ಕಾಂಕ್ರೀಟನ್ನು ಆಗಲೇ ಪೂರ್ತಿ ಕೈಬಿಟ್ಟಾಗಿದೆ.

ಇನ್ನೊಂದು ಕಂಬಿ ಸೇರಿಸಿದರೆ ಬಲ ಮೂರನೇ ಒಂದು ಭಾಗ ಹೆಚ್ಚುತ್ತದೆಯೇ?

ಇಲ್ಲ. ಅನುಬಂಧ ಬಿ ಪ್ರಕಾರ ಮೂರು ಕಂಬಿಯ ಬೀಮು ಹೊರುವುದು 45.6, ನಾಲ್ಕಾದರೆ 50.5 ಕಿಲೋನ್ಯೂಟನ್-ಮೀಟರ್. ಕಂಬಿ ಶೇ 33 ಹೆಚ್ಚು, ಬಲ ಶೇ 11 ಮಾತ್ರ. ಮೊದಲು ಮಿತಿ ಮುಟ್ಟುತ್ತಿರುವುದು ಕಾಂಕ್ರೀಟಾದ್ದರಿಂದ ದುಡ್ಡನ್ನು ಎತ್ತರಕ್ಕೆ ಹಾಕುವುದು ಲೇಸು.

ಇದರಲ್ಲೊಂದು ತಮಾಷೆಯಿದೆ. ಎರಡೂ ಒಟ್ಟಿಗೆ ಮಿತಿ ಮುಟ್ಟಬೇಕಾದರೆ x ಎಲ್ಲಿರಬೇಕು ಎಂದು ಕೇಳಿದರೆ ಉತ್ತರ ಕಾಂಕ್ರೀಟಿನ ದರ್ಜೆಯನ್ನು ಅವಲಂಬಿಸಿಯೇ ಇಲ್ಲ. ಸೂತ್ರದಲ್ಲಿ m ಮತ್ತು σcbc ಗುಣಿಸಿದರೆ ಯಾವಾಗಲೂ 93.3. ಎಫ್‌ಇ500 ಕಂಬಿಗೆ ಆ ಜಾಗ d ಯ 0.253 ಪಾಲು, ಎಂ20 ಆದರೂ ಅಷ್ಟೇ, ಎಂ30 ಆದರೂ ಅಷ್ಟೇ.

ಕವರ್ ಬ್ಲಾಕ್ ತಪ್ಪಿದರೆ

ಕಂಬಿ ನಕ್ಷೆಯಲ್ಲಿ ಇದ್ದದ್ದಕ್ಕಿಂತ 20 ಮಿಮೀ ಮೇಲೆ ಕೂತಿತೆನ್ನಿ. ಸೈಟಿನಲ್ಲಿ ಇದು ದೊಡ್ಡ ತಪ್ಪೆಂದು ಯಾರಿಗೂ ಅನ್ನಿಸುವುದಿಲ್ಲ. ಕಂಬಿಯ ಸ್ಟ್ರೆಸ್ 215ಕ್ಕೆ ಏರಿತು, ಅದು ತಾಳುತ್ತದೆ. ಕಾಂಕ್ರೀಟಿನದು 9.1 ಆಯಿತು, ಅದು ಮಿತಿ ಮೀರಿತು. m ಎಂಟೋ ಹನ್ನೊಂದೋ ಎಂದು ಆಫೀಸಿನಲ್ಲಿ ನಡೆಯುವ ವಾದಕ್ಕಿಂತ, ಕಾಂಕ್ರೀಟು ಸುರಿಯುವ ಮುಂಚೆ ಟೇಪು ಹಿಡಿದು ಬಗ್ಗಿ ನೋಡುವುದು ಕಂಬಿಯ ಲೆಕ್ಕಕ್ಕೆ ಹೆಚ್ಚು ಉಪಕಾರಿ.

ಸಾಫ್ಟ್‌ವೇರ್ ತೋರಿಸುವ ಬಾಗು ಅರ್ಧಕ್ಕಿಂತ ಕಡಿಮೆ ಇರಬಹುದು

ಏನೂ ಹೇಳದೆ ಬಿಟ್ಟರೆ ಬಹಳಷ್ಟು ವಿಶ್ಲೇಷಣೆಗಳು ಬಿರುಕಿಲ್ಲದ ಪೂರ್ತಿ ಸೆಕ್ಷನ್ನನ್ನೇ ಹಿಡಿಯುತ್ತವೆ. ನಮ್ಮ ಬೀಮಿಗೆ ಹಾಗೆ ಹಿಡಿದರೆ ನಡುವಿನ ಬಾಗು 2.2 ಮಿಮೀ. ಬಿರುಕು ಬಿಟ್ಟ ಸೆಕ್ಷನ್ನಿನ ಇನರ್ಷಿಯಾ m ಎಂಟಕ್ಕೆ 533 ಮಿಲಿಯನ್ ಮಿಮೀ⁴, ಪೂರ್ತಿ ಸೆಕ್ಷನ್ನಿನ ಶೇ 31 ಮಾತ್ರ. ಆದರೆ ಬೀಮು ಉದ್ದಕ್ಕೂ ಬಿರಿದಿರುವುದಿಲ್ಲ. ಎರಡು ಬಿರುಕುಗಳ ನಡುವಿನ ಕಾಂಕ್ರೀಟು ಇನ್ನೂ ಕಂಬಿಯನ್ನು ಹಿಡಿದು ಸ್ವಲ್ಪ ಎಳೆತ ಹಂಚಿಕೊಳ್ಳುತ್ತದೆ, ಆಸರೆಯ ಬಳಿ ಬಿರುಕೇ ಇರುವುದಿಲ್ಲ. ಇದನ್ನೆಲ್ಲ ಗಣಿಸುವ ಅನುಬಂಧ ಸಿ ಯ ಸೂತ್ರದಿಂದ 666 ಮಿಲಿಯನ್ ಬರುತ್ತದೆ. ಬಾಗು 5.7 ಮಿಮೀ. ಇದು ಲೋಡು ಕೂತ ದಿನದ್ದು. ಕ್ರೀಪ್, ಶ್ರಿಂಕೇಜ್ ಆಮೇಲೆ ಸೇರಬೇಕು.

ಭೂಕಂಪದ ಕೋಡಾದ ಐಎಸ್ 1893ರ 2016ರ ಆವೃತ್ತಿ, ಕಾಂಕ್ರೀಟ್ ಬೀಮುಗಳಿಗೆ ಪೂರ್ತಿ ಇನರ್ಷಿಯಾದ ಶೇ 35 ಮಾತ್ರ ಹಿಡಿಯಿರಿ ಎನ್ನುತ್ತದೆ. ನಮ್ಮ ಬೀಮಿಗೆ m ಎಂಟಾದರೆ ಶೇ 31, ಹನ್ನೊಂದಾದರೆ ಶೇ 39. ಕೋಡಿನ ಅಂಕಿ ಆಕಾಶದಿಂದ ಉದುರಿದ್ದೇನಲ್ಲ.

ಕಂಬಿಯಲ್ಲಿ 204 ಎಂಪಿಎ ಇದ್ದರೆ ಬಿರುಕು ಎಷ್ಟು ಅಗಲ?

ಕೂದಲೆಳೆಯಷ್ಟು ಎಂದರೆ ಅತಿಶಯವಲ್ಲ. ದೀರ್ಘಕಾಲದ ಬಿರುಕಿನ ಲೆಕ್ಕಕ್ಕೆ ಕಾಂಕ್ರೀಟಿನ ಮಾಡ್ಯುಲಸ್ಸನ್ನು ಅರ್ಧಕ್ಕಿಳಿಸುವ ರೂಢಿಯಿದೆ. ಆಗ m 16. ಐಎಸ್ 456ರ ಅನುಬಂಧ ಎಫ್ ಸೂತ್ರಕ್ಕೆ ಹಾಕಿದರೆ ನಮ್ಮ ಬೀಮಿನ ಕೆಳಮೂಲೆಯಲ್ಲಿ 0.13 ಮಿಮೀ ಬರುತ್ತದೆ. ಸಾಮಾನ್ಯ ಕಟ್ಟಡಗಳಿಗೆ ಇರುವ ಮಿತಿ 0.3. ಮೂಲೆಯನ್ನೇ ಆರಿಸಿದ್ದು ಅದು ಕಂಬಿಯಿಂದ ಹೆಚ್ಚು ದೂರ ಎಂಬ ಕಾರಣಕ್ಕೆ. ಕಂಬಿಯಿಂದ ದೂರ ಹೋದಷ್ಟೂ ಬಿರುಕು ಅಗಲವಾಗುತ್ತದೆ. ಬೀಮಿನ ನಡುಭಾಗದ ಅಡಿಯಲ್ಲಿ ಮೂಡಿ ನೆಟ್ಟಗೆ ಮೇಲೇರಿ, ಮೇಲೇರುತ್ತ ಸಣ್ಣಗಾಗಿ ಮಾಯವಾಗುವ ಗೆರೆ ಈ ಜಾತಿಯದು. ಓರೆಯಾಗಿ ಆಸರೆಯ ಬಳಿ ಏಳುವ ಗೆರೆ, ಕಂಬಿಯ ಉದ್ದಕ್ಕೇ ಓಡುವ ಗೆರೆ ಬೇರೆ ರೋಗದವು. ಅವಕ್ಕೆ ಈ ಲೆಕ್ಕದಲ್ಲಿ ಉತ್ತರವಿಲ್ಲ.

ಲೆಕ್ಕ ಹಾಕಿ ನೋಡಿ, ಒಂದೇ ಬೀಮಿಗೆ ಇಷ್ಟು ಹೊತ್ತಿಗೆ ನಾಲ್ಕು m ಆದವು: 8, 11, 16, 21. ನಾಲ್ಕೂ ಸರಿ.

ತ್ರಿಕೋನ ಎಲ್ಲಿಯವರೆಗೆ ನಂಬಿಕೆಗೆ ಅರ್ಹ?

ಕಾಂಕ್ರೀಟಿನ ಸ್ಟ್ರೆಸ್ ಅದರ ಕ್ಯೂಬ್ ಬಲದ ಮೂರನೇ ಒಂದರಿಂದ ಶೇ 40ರವರೆಗೆ ಹೆಚ್ಚುಕಡಿಮೆ ನೇರರೇಖೆಯಲ್ಲಿ ಏರುತ್ತದೆ. ಎಂ25ಕ್ಕೆ ಎಂಟೂ ಚಿಲ್ಲರೆಯಿಂದ ಹತ್ತು. ಅದರಾಚೆ ಗೆರೆ ಬಾಗುತ್ತದೆ, ತ್ರಿಕೋನ ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ. ಇದೇ ಬೀಮಿಗೆ ಲಿಮಿಟ್ ಸ್ಟೇಟ್ ವಿಧಾನ 93 ಕಿಲೋನ್ಯೂಟನ್-ಮೀಟರಿನ ಅಂತಿಮ ಬಲ ಕೊಡುತ್ತದೆ. ಒಂದೂವರೆಯಿಂದ ಭಾಗಿಸಿದರೆ ಸರ್ವಿಸ್ ಲೋಡಿಗೆ 62. ಅಷ್ಟು ಹೊರಿಸಿ ಬಿರುಕು ಬಿಟ್ಟ ಸೆಕ್ಷನ್ನಿನ ಲೆಕ್ಕ ಮಾಡಿದರೆ ಕಾಂಕ್ರೀಟಿನ ಸ್ಟ್ರೆಸ್ ಹನ್ನೊಂದೂವರೆ ಬರುತ್ತದೆ. ಬೀಮು ಬೀಳುವುದಿಲ್ಲ. ಆದರೆ ಆ ಹನ್ನೊಂದೂವರೆಯನ್ನು ಅಕ್ಷರಶಃ ನಂಬಬೇಡಿ. ಕಂಬಿಯ ಅಂಕಿ ಆಗಲೂ ವಿಶ್ವಾಸಾರ್ಹ.

ನೀರಿನ ಟ್ಯಾಂಕಿನವರಿಗೆ ಈ ಲೆಕ್ಕ ಇಂದಿಗೂ ದಿನದ ಅಡುಗೆ

ಸೋರಿಕೆ ಆಗಬಾರದೆಂದರೆ ಬೀಳದಿದ್ದರೆ ಸಾಲದು, ಬಿರುಕು ಸಣ್ಣದಿರಬೇಕು. ಟ್ಯಾಂಕುಗಳ ಕೋಡಾದ ಐಎಸ್ 3370ರ 2009ರ ಆವೃತ್ತಿ ಒಂದು ಸುಲಭದ ದಾರಿ ಕೊಟ್ಟಿತು: ಸರ್ವಿಸ್ ಲೋಡಿನಲ್ಲಿ ಏಣುಗಳಿರುವ ಕಂಬಿಯ ಸ್ಟ್ರೆಸ್ 130 ಎಂಪಿಎ ಒಳಗಿದ್ದರೆ ಬಿರುಕಿನ 0.2 ಮಿಮೀ ಮಿತಿ ಪಾಲಿಸಿದಂತೆಯೇ ಲೆಕ್ಕ. ನಮ್ಮ ಬೀಮಿನ 204 ಅಲ್ಲಿ ನಡೆಯದು. ಐದು ಕಂಬಿ ಹಾಕಿ ಮತ್ತೆ ಬಿಡಿಸಿದರೆ x 156 ಮಿಮೀ, ಕಂಬಿಯಲ್ಲಿ 125. ಕಾಗದದ ಮೇಲೆ ಪಾಸು. ಆದರೆ 230 ಮಿಮೀ ಅಗಲದಲ್ಲಿ ಕವರು, ರಿಂಗು ಕಳೆದು ಐದು ಕಂಬಿ ಒಂದೇ ಸಾಲಿಗೆ ಜೋಡಿಸಿದರೆ ನಡುವೆ ಉಳಿಯುವ ಸಂದು 21 ಮಿಮೀ. 20 ಮಿಮೀ ಜಲ್ಲಿ ಬಳಸುವಲ್ಲಿ ಕನಿಷ್ಠ 25 ಬೇಕು. ಇಲ್ಲದಿದ್ದರೆ ಜಲ್ಲಿ ಮೇಲೆಯೇ ಸಿಕ್ಕಿಕೊಂಡು ಕಂಬಿಯ ಕೆಳಗೆ ಟೊಳ್ಳು ಉಳಿಯುತ್ತದೆ. ಎರಡು ಸಾಲು ಮಾಡಿದರೆ d ಇಳಿಯುತ್ತದೆ, x ಹೊಸದಾಗಿ ಹುಡುಕಬೇಕು. ಅಗಲವನ್ನು 300ಕ್ಕೆ ಏರಿಸಿದರೆ ಸಂದು ಸಲೀಸಾಗಿ ಸಿಗುತ್ತದೆ, ಸ್ವಂತ ತೂಕ ಹೆಚ್ಚುತ್ತದೆ, 45 ಎಂದಿಟ್ಟುಕೊಂಡ ಮೊಮೆಂಟನ್ನೂ ತಿದ್ದಬೇಕು.